ಓರೆ ರೋಲರ್ ಮೇಲಿನ ತೊಲೆ: ಮೇಲ್ಮೈಗುಂಟದ ಸಮೀಕರಣದ ಬಲ ಮತ್ತು ಮಿತಿ

ಒಂದು ತುದಿಯಲ್ಲಿ ಹಿಂಜ್, ಇನ್ನೊಂದು ತುದಿಯಲ್ಲಿ ಓರೆ ಮೇಲ್ಮೈಯ ಮೇಲೆ ಕುಳಿತ ರೋಲರ್. ಇಂಥ ತೊಲೆಯ ಆಧಾರ ಪ್ರತಿಕ್ರಿಯೆಗಳನ್ನು ಕಂಡುಹಿಡಿಯುವುದು ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಓದಿದ ಎಲ್ಲರೂ ಒಮ್ಮೆಯಾದರೂ ಬಿಡಿಸಿರುವ ಲೆಕ್ಕ. ಬಲಗಳನ್ನು ಕ್ಷಿತಿಜ ಮತ್ತು ಊರ್ಧ್ವ ದಿಕ್ಕುಗಳಲ್ಲಿ ಒಡೆಯುವುದು ವಾಡಿಕೆಯ ದಾರಿ. ಅಕ್ಷಗಳನ್ನೇ ತಿರುಗಿಸಿ, ರೋಲರ್ ಕುಳಿತ ಮೇಲ್ಮೈಗುಂಟ ಮತ್ತು ಆ ಮೇಲ್ಮೈಗೆ ಲಂಬವಾಗಿ ಒಡೆಯುವುದು ಇನ್ನೊಂದು ದಾರಿ. ಈ ಎರಡನೆಯದರ ಬಗ್ಗೆ ಬೋಧಕರಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಓರೆ ಅಕ್ಷಗಳಿಂದ ಲೆಕ್ಕ ಸುಲಭವಾಗುತ್ತದೆ ಎಂಬುದು ಒಂದು. ಅಕ್ಷ ತಿರುಗಿಸಿದ ಮಾತ್ರಕ್ಕೆ ಹೊಸ ಮಾಹಿತಿಯೇನೂ ಸಿಗದು, ಅದು ಬರೀ ಬರವಣಿಗೆಯ ಅನುಕೂಲ ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ತಪ್ಪು, ಎರಡನೆಯದು ಅರ್ಧ ಸರಿ ಎಂಬುದು ಈ ಲೇಖನದ ವಾದ.

ವಿವಾದವಿಲ್ಲದ ಭಾಗವನ್ನು ಬೇಗ ಮುಗಿಸಬಹುದು. ಓರೆ ತಲದ ಮೇಲಿನ ಭಾರದ ಸಮತೋಲನವನ್ನು ಸೈಮನ್ ಸ್ಟೆವಿನ್ 1586ರಲ್ಲೇ ಬಿಡಿಸಿ ತೋರಿಸಿದ್ದ. ಬಲಗಳ ಸಂಯೋಜನೆ ಮತ್ತು ಮೊಮೆಂಟ್‌ಗಳ ಸಂಬಂಧವನ್ನು ಪಿಯೆರ್ ವರಿನ್ಯೋನ್‌ನ ಗ್ರಂಥ, ಅವನು ತೀರಿಕೊಂಡ ಮೇಲೆ 1725ರಲ್ಲಿ ಪ್ರಕಟವಾದದ್ದು, ವಿಸ್ತಾರವಾಗಿ ನಿರೂಪಿಸಿತು. ಘರ್ಷಣೆಯಿಲ್ಲದ ರೋಲರ್ ತಾನು ಕುಳಿತ ಮೇಲ್ಮೈಗೆ ಲಂಬವಾಗಿ ಮಾತ್ರ ತಳ್ಳಬಲ್ಲದು. ಹಾಗಾಗಿ ರೋಲರಿನಿಂದ ಒಂದು ಅಜ್ಞಾತ, ಹಿಂಜಿನಿಂದ ಎರಡು, ಒಟ್ಟು ಮೂರು. ಸಮತಲ ಸ್ಥಿತಿಶಾಸ್ತ್ರ ಕೊಡುವ ಸಮೀಕರಣಗಳೂ ಮೂರೇ. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ.

ಒಂದು ನಿರ್ದಿಷ್ಟ ತೊಲೆಯನ್ನು ಎದುರಿಗಿಟ್ಟುಕೊಂಡರೆ ಉಳಿದ ಮಾತು ಸ್ಪಷ್ಟವಾಗುತ್ತದೆ. ಕ್ಷಿತಿಜವಾಗಿರುವ ತೊಲೆ AB, ಉದ್ದ 6 ಮೀಟರ್. ಎಡತುದಿ A ಹಿಂಜ್, ಬಲತುದಿ B ರೋಲರ್. ರೋಲರಿನ ಮೇಲ್ಮೈ ಬಲಕ್ಕೆ ಹೋದಂತೆ 30° ಏರುತ್ತದೆ. ತೊಲೆಯ ಉದ್ದಕ್ಕೂ ಮೀಟರಿಗೆ 5 ಕಿಲೋನ್ಯೂಟನ್ ಸಮವಿತರಿತ ಭಾರವಿದೆ. ಜೊತೆಗೆ A ಯಿಂದ 4 ಮೀಟರ್ ದೂರದಲ್ಲಿ 24 ಕಿಲೋನ್ಯೂಟನ್ ಬಿಂದುಭಾರ. ಒಟ್ಟು ಭಾರ 54 ಕಿಲೋನ್ಯೂಟನ್.

ವಾಡಿಕೆಯ ದಾರಿಯಲ್ಲಿ A ಸುತ್ತ ಮೊಮೆಂಟ್ ತೆಗೆದುಕೊಳ್ಳುತ್ತೇವೆ. ಸಮವಿತರಿತ ಭಾರದ್ದು 30 × 3 = 90, ಬಿಂದುಭಾರದ್ದು 24 × 4 = 96, ಒಟ್ಟು 186 ಕಿಲೋನ್ಯೂಟನ್-ಮೀಟರ್. ಇದನ್ನು 6ರಿಂದ ಭಾಗಿಸಿದರೆ ರೋಲರ್ ಪ್ರತಿಕ್ರಿಯೆಯ ಊರ್ಧ್ವ ಘಟಕ 31 ಸಿಗುತ್ತದೆ. ಇದು ಪ್ರತಿಕ್ರಿಯೆಯ ಒಂದು ಘಟಕ ಮಾತ್ರವಾದ್ದರಿಂದ R cos 30° = 31, ಅಂದರೆ R = 35.80. ಅದರ ಕ್ಷಿತಿಜ ಘಟಕ 17.90, ಎಡಕ್ಕೆ. ಆದ್ದರಿಂದ ಹಿಂಜಿನಲ್ಲಿ ಬಲಕ್ಕೆ 17.90, ಮೇಲಕ್ಕೆ 54 − 31 = 23. ಎಲ್ಲ ಭಾರಗಳೂ ನೇರ ಕೆಳಕ್ಕೇ ಇದ್ದರೂ ತೊಲೆಯೊಳಗೆ 17.90 ಕಿಲೋನ್ಯೂಟನ್ ಸಂಪೀಡನ ಬಂತು. ಮೇಲ್ಮೈ ಬಲಕ್ಕೆ ಏರುವ ಬದಲು ಇಳಿಯುತ್ತಿದ್ದರೆ ಅಷ್ಟೇ ಪ್ರಮಾಣದ ಎಳೆತ ಬರುತ್ತಿತ್ತು.

ಈಗ ಅಕ್ಷ ತಿರುಗಿಸೋಣ. ಮೇಲ್ಮೈಗುಂಟದ ದಿಕ್ಕಿನಲ್ಲಿ R ಗೆ ಘಟಕವೇ ಇಲ್ಲ. ಭಾರದ ಘಟಕ 54 sin 30° = 27, ಇಳಿಜಾರಿನ ಕೆಳಮುಖವಾಗಿ. ಆದ್ದರಿಂದ ಹಿಂಜ್ ಪ್ರತಿಕ್ರಿಯೆಯ ಮೇಲ್ಮೈಗುಂಟದ ಘಟಕ ಮೇಲ್ಮುಖವಾಗಿ 27. ಲಂಬ ದಿಕ್ಕಿನಲ್ಲಿ ಭಾರದ ಘಟಕ 54 cos 30° = 46.77. ಇದನ್ನು R ಮತ್ತು ಹಿಂಜಿನ ಲಂಬ ಘಟಕ ಹಂಚಿಕೊಳ್ಳುತ್ತವೆ. ಎಷ್ಟೆಷ್ಟು ಎಂದು ತಿಳಿಯಲು ಮತ್ತೆ ಅದೇ ಮೊಮೆಂಟ್ ಸಮೀಕರಣ ಬೇಕು. R = 35.80 ಆದರೆ ಹಿಂಜಿನ ಪಾಲು 10.97. 27 ಮತ್ತು 10.97ರ ಸಂಯುಕ್ತ 29.14. 17.90 ಮತ್ತು 23ರ ಸಂಯುಕ್ತವೂ ಅದೇ.

ಹೀಗಾಗಿ ಸುಲಭ ಎಂಬ ವಾದ ನಿಲ್ಲುವುದಿಲ್ಲ. ಮೊಮೆಂಟ್ ತಪ್ಪಲಿಲ್ಲ, ತೊಲೆ ಕ್ಷಿತಿಜವಾಗಿದ್ದರಿಂದ ಭಾರಗಳನ್ನು ಒಡೆಯುವ ಕೆಲಸ ಹೆಚ್ಚೇ ಆಯಿತು. ಎರಡನೆಯ ಅಭಿಪ್ರಾಯವನ್ನು ಇಷ್ಟು ಬೇಗ ತಳ್ಳಿಹಾಕುವಂತಿಲ್ಲ. ತಿರುಗಿಸಿದ ಎರಡು ಬಲ ಸಮೀಕರಣಗಳು ಮೂಲದ ಎರಡರ ರೇಖೀಯ ಸಂಯೋಜನೆಗಳಷ್ಟೆ, ಜೋಡಿಯಾಗಿ ನೋಡಿದರೆ ಎರಡು ಕಡೆಯೂ ಇರುವ ಮಾಹಿತಿ ಒಂದೇ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಜೋಡಿಯಲ್ಲಿರುವುದು ಅದರ ಒಂದೊಂದು ಸಮೀಕರಣದಲ್ಲೂ ಇದ್ದೇ ಇರುತ್ತದೆ ಎಂದೇನಿಲ್ಲ. ಮೇಲ್ಮೈಗುಂಟದ ಸಮೀಕರಣದಲ್ಲಿ R ಇಲ್ಲ ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಅದರಲ್ಲಿ ಭಾರ ಎಲ್ಲಿ ಕುಳಿತಿದೆ ಎಂಬುದೂ ಇಲ್ಲ. ಈ ಎರಡನೆಯ ಗೈರುಹಾಜರಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಮೇಲಿನ 54 ಕಿಲೋನ್ಯೂಟನ್ ಭಾರವನ್ನೆಲ್ಲ ಒಂದೇ ಚಕ್ರದಲ್ಲಿಟ್ಟು A ಯಿಂದ B ವರೆಗೆ ಉರುಳಿಸಿದೆವು ಎನ್ನಿ. ರೋಲರ್ ಪ್ರತಿಕ್ರಿಯೆ ಸೊನ್ನೆಯಿಂದ 62.35ಕ್ಕೆ ಏರುತ್ತದೆ. ಹಿಂಜಿನ ಊರ್ಧ್ವ ಘಟಕ 54ರಿಂದ ಸೊನ್ನೆಗೆ ಇಳಿಯುತ್ತದೆ. ಹಿಂಜಿನ ಮೇಲ್ಮೈಗುಂಟದ ಘಟಕ ಮಾತ್ರ ಆದಿಯಿಂದ ಅಂತ್ಯದವರೆಗೆ 27ರಲ್ಲೇ ನಿಂತಿರುತ್ತದೆ, ಅದರ ಪ್ರಭಾವ ರೇಖೆ ಒಂದು ಸಮರೇಖೆ. ಚಕ್ರ ಸರಿಯಾಗಿ ರೋಲರಿನ ನೆತ್ತಿಯ ಮೇಲೆ ಬಂದು ನಿಂತಾಗಲೂ ಹಿಂಜ್ ಬಿಡುವಾಗಿರುವುದಿಲ್ಲ. ಆಗಲೂ ಅದು 31.18 ಕಿಲೋನ್ಯೂಟನ್ ಬಲದಿಂದ ಕ್ಷಿತಿಜವಾಗಿ ತಳ್ಳುತ್ತಿರುತ್ತದೆ. ಭಾರ ಆಧಾರದ ಮೇಲೇ ಇದ್ದರೆ ಇನ್ನೊಂದು ಆಧಾರಕ್ಕೆ ಏನೂ ಬರುವುದಿಲ್ಲ ಎಂಬ ರೂಢಿಯ ಅಂದಾಜು ಇಲ್ಲಿ ಕೆಡುತ್ತದೆ.

ಹಿಂಜಿನ ಲಂಬ ಘಟಕ ಈ ಓಟದಲ್ಲಿ ಚಿಹ್ನೆಯನ್ನೂ ಬದಲಿಸುತ್ತದೆ. ಚಕ್ರ A ಯಿಂದ x ದೂರದಲ್ಲಿದ್ದಾಗ ಅದರ ಬೆಲೆ W (cos θ − x / (L cos θ)). ಇದು ಸೊನ್ನೆಯಾಗುವುದು x = L cos² θ ಆದಾಗ. ನಮ್ಮ ತೊಲೆಯಲ್ಲಿ ಅದು 4.5 ಮೀಟರ್. ಇದನ್ನು ಚಿತ್ರದಿಂದಲೂ ಕಾಣಬಹುದು. A ಯಿಂದ ಮೇಲ್ಮೈಗೆ ಸಮಾಂತರವಾಗಿ ಒಂದು ಗೆರೆ, B ಯಿಂದ ಮೇಲ್ಮೈಗೆ ಲಂಬವಾಗಿ ಇನ್ನೊಂದು. ಅವು ಸೇರುವಲ್ಲಿ ಲಂಬಕೋನವಿರುವುದರಿಂದ ಆ ಬಿಂದು AB ವ್ಯಾಸವಾಗಿರುವ ವೃತ್ತದ ಮೇಲೆ ಬೀಳಲೇಬೇಕು. ಭಾರದ ಗೆರೆ ಆ ಬಿಂದುವಿನ ಮೂಲಕ ಹಾದಾಗ ಮೂರು ಬಲಗಳೂ ಒಂದೆಡೆ ಸೇರುತ್ತವೆ, ಹಿಂಜ್ ಮೇಲ್ಮೈಗುಂಟ ಮಾತ್ರ ತಳ್ಳುತ್ತದೆ. ಮೊದಲ ಲೆಕ್ಕದಲ್ಲಿ ಒಟ್ಟು ಭಾರದ ಗೆರೆ 186/54 = 3.44 ಮೀಟರಿನಲ್ಲಿತ್ತು, 4.5ಕ್ಕಿಂತ ಹಿಂದೆ. ಹಿಂಜಿನ ಪಾಲು ಧನವಾಗಿ ಬಂದದ್ದು ಅದಕ್ಕೇ.

ಇಷ್ಟು ಹೇಳಿದ ಮೇಲೆ ಮೇಲ್ಮೈಗುಂಟದ ಸಮೀಕರಣವನ್ನು ಉತ್ತರದ ಸಾಚಾತನ ಅಳೆಯುವ ಒರೆಗಲ್ಲಾಗಿ ಬಳಸಬಹುದೆಂದು ಸೂಚಿಸುವುದು ಸಹಜ. ಆ ಸೂಚನೆಯನ್ನು ನಾನೂ ಮಾಡುತ್ತೇನೆ, ಆದರೆ ಬಿಗಿಯಾದ ಷರತ್ತುಗಳೊಂದಿಗೆ. ಉತ್ತರ ಪತ್ರಿಕೆಗಳಲ್ಲಿ ಬಹಳ ಕಾಣುವ ತಪ್ಪೆಂದರೆ R = 31 / cos 30° ಎನ್ನುವಲ್ಲಿ R = 31 cos 30° ಎಂದು ಬರೆಯುವುದು. ಹಾಗೆ ಬರೆದವರಿಗೆ R = 26.85, ಅದರ ಕ್ಷಿತಿಜ ಘಟಕ 13.42 ಸಿಗುತ್ತದೆ. ಹಿಂಜಿನ ಊರ್ಧ್ವ ಘಟಕವನ್ನು ಅವರು 54 − 31 = 23 ಎಂದೇ ಉಳಿಸಿಕೊಂಡಿದ್ದರೆ, ಮೇಲ್ಮೈಗುಂಟದ ಘಟಕ 13.42 cos 30° + 23 sin 30° = 23.12 ಆಗುತ್ತದೆ. ಬರಬೇಕಾದದ್ದು 27. ತಪ್ಪು ಸಿಕ್ಕಿಬಿತ್ತು.

ಅದೇ ವಿದ್ಯಾರ್ಥಿ ತಪ್ಪು R ಅನ್ನೇ ನಂಬಿ, ಅದರ ಊರ್ಧ್ವ ಘಟಕ 23.25 ಎಂದು ಹೊಸದಾಗಿ ತೆಗೆದು, ಹಿಂಜಿಗೆ 30.75 ಕೊಟ್ಟಿದ್ದರೆ? ಆಗ 13.42 cos 30° + 30.75 sin 30° = 27.0. ತಪ್ಪು ಉತ್ತರ ಪರೀಕ್ಷೆಯಲ್ಲಿ ಪಾಸಾಯಿತು. R ನ ಬೆಲೆ ಏನೇ ಇರಲಿ, ಬಲಗಳ ಲೆಕ್ಕ ಒಳಗೊಳಗೇ ಹೊಂದಿಕೊಂಡಿದ್ದರೆ ಈ ಸಮೀಕರಣ ತೃಪ್ತಿಗೊಳ್ಳುತ್ತದೆ. R ಅದರಲ್ಲಿ ಇಲ್ಲದಿರುವುದೇ ಕಾರಣ. ಈ ತಪ್ಪನ್ನು ಹಿಡಿಯುವುದು B ಸುತ್ತಲಿನ ಮೊಮೆಂಟ್: 30.75 × 6 = 184.5, ಭಾರಗಳದ್ದು 30 × 3 + 24 × 2 = 138. ಎರಡೂ ಕೂಡುವುದಿಲ್ಲ. ಹೀಗೆ ಮೇಲ್ಮೈಗುಂಟದ ಸಮೀಕರಣ ಬಲಗಳನ್ನು ಒಡೆಯುವಾಗಿನ ಅಸಂಗತತೆಯನ್ನು ಹಿಡಿಯುತ್ತದೆ, R ನ ಬೆಲೆಯಲ್ಲಿನ ದೋಷವನ್ನು ಹಿಡಿಯಲಾರದು. ಅದರ ಗುಣವೂ ಕುರುಡೂ ಒಂದೇ ಜಾಗದಲ್ಲಿವೆ.

ಇದೇ ಕುರುಡು ಇನ್ನೂ ಅಪಾಯಕರವಾಗುವುದು ಕಡಿದಾದ ಇಳಿಜಾರಿನಲ್ಲಿ. ಅದೇ ಭಾರಕ್ಕೆ 60° ಯಲ್ಲಿ R = 62, 80° ಯಲ್ಲಿ 178.5. 90° ಯಲ್ಲಿ ಪ್ರತಿಕ್ರಿಯೆಯ ಗೆರೆ ಹಿಂಜಿನ ಮೂಲಕವೇ ಹಾದುಹೋಗುತ್ತದೆ, ತೊಲೆಯನ್ನು ತಿರುಗದಂತೆ ತಡೆಯುವವರು ಯಾರೂ ಇಲ್ಲ. ಆದರೆ ಮೇಲ್ಮೈಗುಂಟದ ಘಟಕ 80° ಯಲ್ಲಿ 53.2, 90° ಯಲ್ಲಿ 54. ತೊಲೆ ಬೀಳುವ ಸ್ಥಿತಿಯಲ್ಲೂ ಈ ಸಮೀಕರಣ ಎಚ್ಚರಿಕೆಯ ಒಂದು ಸದ್ದನ್ನೂ ಮಾಡುವುದಿಲ್ಲ. ಸ್ಥಿರತೆಯ ಪ್ರಶ್ನೆಯನ್ನು ಅದರ ಮುಂದಿಡಲೇಬಾರದು.

ನನ್ನ ವಾದದ ಮುಖ್ಯ ಭಾಗ, ಅಂದರೆ ಮೇಲ್ಮೈಗುಂಟದ ಘಟಕ ಭಾರದ ಸ್ಥಾನವನ್ನು ಅವಲಂಬಿಸುವುದಿಲ್ಲ ಎಂಬುದು, ಘರ್ಷಣೆಯಿಲ್ಲದ ಒಂದೇ ರೋಲರಿಗೆ, ಭಾರಗಳ ಪ್ರಮಾಣ ಮತ್ತು ದಿಕ್ಕು ಬದಲಾಗದ ಸಂದರ್ಭಕ್ಕೆ ಸೀಮಿತ. ಬೇರೆ ಬೇರೆ ಓರೆಯ ಎರಡು ರೋಲರ್‌ಗಳಿದ್ದರೆ ಒಂದರ ಮೇಲ್ಮೈಗುಂಟ ಇನ್ನೊಂದರ ಪ್ರತಿಕ್ರಿಯೆಗೆ ಘಟಕವಿರುತ್ತದೆ, ವಾದ ಅಲ್ಲಿಗೇ ಮುರಿಯುತ್ತದೆ. ಘರ್ಷಣೆಯ ವಿಷಯ ಸ್ವಲ್ಪ ಬೇರೆ. ಉಕ್ಕಿನ ರೋಲರ್ ಬೇರಿಂಗಿಗೆ ವಿನ್ಯಾಸದಲ್ಲಿ ಹಿಡಿಯುವ ಘರ್ಷಣಾಂಕ ಸಾಮಾನ್ಯವಾಗಿ 0.03. ಬಿಸಿಲಿಗೆ ತೊಲೆ ಹಿಗ್ಗಿದಾಗ B ತುದಿ ಇಳಿಜಾರನ್ನು ಏರುತ್ತದೆ, ಘರ್ಷಣೆ ಅದನ್ನು ಕೆಳಕ್ಕೆ ಹಿಡಿಯುತ್ತದೆ. ಮೊಮೆಂಟ್ ಸಮೀಕರಣವನ್ನು ತಿದ್ದಿ ಬರೆದರೆ R = 36.43, ಘರ್ಷಣೆ 1.09, ಹಿಂಜಿನ ಮೇಲ್ಮೈಗುಂಟದ ಘಟಕ 28.09. ರಾತ್ರಿ ಕುಗ್ಗುವಾಗ R = 35.19, ಆ ಘಟಕ 25.94. ಭಾರ ಕದಲದಿದ್ದರೂ ಈ ಅಂತರದೊಳಗೆ ಅದು ಓಲಾಡಬಹುದು, ಯಾವ ಕ್ಷಣದಲ್ಲಿ ಎಷ್ಟು ಎಂಬುದನ್ನು ಸ್ಥಿತಿಶಾಸ್ತ್ರವೊಂದೇ ಹೇಳಲಾರದು. ಆದರೂ ಘರ್ಷಣೆ ಎಷ್ಟೋ ಅಷ್ಟೇ ಹಿಂಜಿನಿಂದ ಕಳೆಯುತ್ತದೆ ಅಥವಾ ಕೂಡುತ್ತದೆ ಎಂಬ ನೇರ ಸಂಬಂಧ ಓರೆ ಅಕ್ಷಗಳಲ್ಲಿ ಮಾತ್ರ ಒಂದೇ ಸಾಲಿನಲ್ಲಿ ಕಾಣುತ್ತದೆ.

ಒಂದು ಪ್ರಶ್ನೆಯನ್ನು ಇಲ್ಲಿ ಬಗೆಹರಿಸಿಲ್ಲ. ಇಳಿಜಾರಿನ ಕೋನವನ್ನು ನಿಖರವಾಗಿ ತಿಳಿದದ್ದೆಂದು ಉದ್ದಕ್ಕೂ ಇಟ್ಟುಕೊಂಡಿದ್ದೇವೆ. 30° ಯ ಸುತ್ತ ಒಂದು ಡಿಗ್ರಿ ತಪ್ಪಿದರೆ R ಸುಮಾರು 0.36 ಬದಲಾಗುತ್ತದೆ, ಮೇಲ್ಮೈಗುಂಟದ ಘಟಕ ಸುಮಾರು 0.82. ಅಂದರೆ ನಾವು ಒರೆಗಲ್ಲೆಂದು ಹಿಡಿದದ್ದೇ ಅಳತೆಯ ದೋಷಕ್ಕೆ ಹೆಚ್ಚು ಮಣಿಯುತ್ತದೆ. ರೋಲರ್ ಕುಳಿತ ಮೇಲ್ಮೈ ಸಮತಟ್ಟಾಗಿರದೆ ಬಾಗಿದ್ದರೆ, ತುದಿ ಸರಿದಂತೆಲ್ಲ ಕೋನವೂ ಬದಲಾಗುತ್ತದೆ. ಆಗ ಪ್ರತಿಕ್ರಿಯೆಗಳನ್ನು ತೊಲೆಯ ವಿರೂಪದ ಜೊತೆಗೇ ಬಿಡಿಸಬೇಕು, ಮೂರು ಸಮತೋಲನ ಸಮೀಕರಣಗಳು ಸಾಲುವುದಿಲ್ಲ.