ಸೊಪ್ಪು ನೆನೆಸಿದ ನೀರು ಹಸಿರಾದರೆ ಅದು ಕೀಟನಾಶಕವೇ? ಲ್ಯಾಬ್‌ನಲ್ಲಿ ಪತ್ತೆ ಮಾಡುವುದು ಹೀಗೆ

ಸಾರಾಂಶ

ಕೊತ್ತಂಬರಿ, ಮೆಣಸಿನಕಾಯಿಯನ್ನು ಉಪ್ಪು ನೀರಿನಲ್ಲಿ ನೆನೆಸಿ, ನೀರಿಗೆ ಬಣ್ಣ ಬಂದರೆ "ನೋಡಿ, ವಿಷ ಹೊರಬಂತು" ಎನ್ನುವ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತವೆ. ನೀರು ತಿಳಿಯಾಗಿದ್ದರೆ ತರಕಾರಿ ಸುರಕ್ಷಿತ ಎಂಬ ಅರ್ಥವೂ ಅದರಲ್ಲೇ ಅಡಗಿರುತ್ತದೆ. ಎರಡೂ ತಪ್ಪು. ತರಕಾರಿಯಲ್ಲಿ ಉಳಿಯುವ ಕೀಟನಾಶಕ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಲ್ಯಾಬ್‌ನವರು ಸೊಪ್ಪಿನ ಹಸಿರು ಬಣ್ಣವನ್ನು ತೆಗೆದುಹಾಕಿ, ಆಮೇಲೆ ಕೀಟನಾಶಕವನ್ನು ಹುಡುಕುತ್ತಾರೆ.

ನೀರಿನ ಬಣ್ಣ ಏನನ್ನು ಹೇಳುತ್ತದೆ?

ಜಜ್ಜಿದ ಅಥವಾ ಬಾಡಿದ ಎಲೆಯ ಚೂರು ಮತ್ತು ರಸದಿಂದ ನೀರು ಹಸಿರಾಗುತ್ತದೆ. ಕೆಂಪು ದಂಟಿನ ಸೊಪ್ಪು ಮತ್ತು ಬೀಟ್‌ರೂಟ್‌ನ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕೆಲವೊಮ್ಮೆ ತರಕಾರಿ ಹಸಿರಾಗಿ ಕಾಣಲೆಂದು ವ್ಯಾಪಾರಿಗಳು ಬಳಿದ ಕೃತಕ ಬಣ್ಣವೂ ಬಿಡಬಹುದು. ಅದು ಕಲಬೆರಕೆ, ಕೀಟನಾಶಕವಲ್ಲ.

ಪ್ರಮಾಣವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಪ್ರತ್ಯೇಕ ಮಿತಿ ನಿಗದಿಯಾಗಿರದ ಕೀಟನಾಶಕಗಳಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಸಾಮಾನ್ಯವಾಗಿ ಇಟ್ಟಿರುವ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಅಂದರೆ 10 ಟನ್ ಸೊಪ್ಪು ತುಂಬಿದ ಲಾರಿಯಲ್ಲಿ 0.1 ಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಇದು ಬಟ್ಟಲು ನೀರಿನಲ್ಲಿ ಬಣ್ಣವಾಗಿ ಕಾಣಲು ಸಾಧ್ಯವಿಲ್ಲ.

ಹಾಗಾದರೆ ಲ್ಯಾಬ್‌ನಲ್ಲಿ ಹುಡುಕುವುದು ಹೇಗೆ?

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದಿಂದ ಮಾರುಕಟ್ಟೆಗೆ ಬಂದ ಕೊತ್ತಂಬರಿಯನ್ನು ಪರೀಕ್ಷೆಗೆ ಕಳಿಸಿದ್ದೇವೆ ಎಂದುಕೊಳ್ಳೋಣ. ಕರ್ನಾಟಕದಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದಂಥ ಕಡೆ ಇದಕ್ಕೆ ಪ್ರಯೋಗಾಲಯಗಳಿವೆ. ಇಂಥ ಲ್ಯಾಬ್‌ಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ವಿಧಾನದ ಹೆಸರು "ಕ್ಯಾಚರ್ಸ್". ಕ್ವಿಕ್, ಈಸಿ, ಚೀಪ್, ಎಫೆಕ್ಟಿವ್, ರಗ್ಗಡ್, ಸೇಫ್ ಎಂಬ ಪದಗಳ ಮೊದಲಕ್ಷರಗಳಿಂದ ಹುಟ್ಟಿದ ಹೆಸರು ಇದು. ಮೈಕೆಲಾಂಜೆಲೊ ಅನಾಸ್ತಾಸಿಯಾಡೆಸ್, ಸ್ಟೀವನ್ ಲೆಹೊಟೆ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸಿದರು.

ಮೊದಲು ಬೇರು ಮತ್ತು ಕೊಳೆತ ಎಲೆ ತೆಗೆದು, ತೊಳೆಯದೆ, ಇಡೀ ಮಾದರಿಯನ್ನು ನುಣ್ಣಗೆ ರುಬ್ಬುತ್ತಾರೆ. ಒಂದು ಎಲೆಗೆ ಔಷಧಿ ಹೆಚ್ಚು ಬಿದ್ದಿರುತ್ತದೆ, ಇನ್ನೊಂದಕ್ಕೆ ಬಿದ್ದೇ ಇರುವುದಿಲ್ಲ. ಎಲ್ಲ ಒಂದಾದರೆ ಮಾತ್ರ ತೆಗೆದುಕೊಳ್ಳುವ 10 ಗ್ರಾಂ ಇಡೀ ಕಟ್ಟನ್ನು ಪ್ರತಿನಿಧಿಸುತ್ತದೆ.

ಆ 10 ಗ್ರಾಂಗೆ 10 ಮಿಲಿಲೀಟರ್ ಅಸಿಟೋನೈಟ್ರೈಲ್ ಎಂಬ ದ್ರಾವಕ ಹಾಕಿ ಒಂದು ನಿಮಿಷ ಜೋರಾಗಿ ಕುಲುಕುತ್ತಾರೆ. ಇದು ನೀರಿನೊಂದಿಗೆ ಬೆರೆಯುವುದರಿಂದ ಸೊಪ್ಪಿನ ಒಳಗಿನ ರಸದವರೆಗೂ ಹೋಗಿ ಕೀಟನಾಶಕವನ್ನು ಎಳೆದುಕೊಳ್ಳುತ್ತದೆ. ಆದರೆ ಈಗ ನೀರು ಮತ್ತು ದ್ರಾವಕ ಎರಡೂ ಬೆರೆತಿವೆ, ಬೇರೆ ಮಾಡಬೇಕು. ಅದಕ್ಕೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಮತ್ತು 1 ಗ್ರಾಂ ಅಡುಗೆ ಉಪ್ಪು ಹಾಕುತ್ತಾರೆ. ಉಪ್ಪುಗಳು ನೀರನ್ನು ಹಿಡಿದಿಟ್ಟುಕೊಂಡು ದ್ರಾವಕವನ್ನು ಹೊರಗೆ ತಳ್ಳುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ದ್ರಾವಕ ಮೇಲೆ ಪದರವಾಗಿ ನಿಲ್ಲುತ್ತದೆ, ಕೀಟನಾಶಕ ಅದರೊಳಗೆ ಬಂದಿರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ನೀರು ಹೀರುವಾಗ ಟ್ಯೂಬ್ ಬಿಸಿಯಾಗುತ್ತದೆ. ತಡಮಾಡಿದರೆ ಅದು ಗಟ್ಟಿಯಾಗಿ ಗಂಟು ಕಟ್ಟುತ್ತದೆ, ಆದ್ದರಿಂದ ಹಾಕಿದ ತಕ್ಷಣ ಕುಲುಕಬೇಕು.

ಹಸಿರು ಬಣ್ಣವನ್ನು ಏಕೆ ತೆಗೆಯುತ್ತಾರೆ?

ಮೇಲಿನ ಪದರ ಕಡು ಹಸಿರಾಗಿರುತ್ತದೆ. ಸೊಪ್ಪಿನ ಪತ್ರಹರಿತ್ತು, ಆಮ್ಲಗಳು ಮತ್ತು ಕೊಬ್ಬು ದ್ರಾವಕದಲ್ಲಿ ಸೇರಿರುತ್ತವೆ. ಹೀಗೇ ಯಂತ್ರಕ್ಕೆ ಹಾಕಿದರೆ ಒಳಗೆ ಕೊಳೆ ಕಟ್ಟುತ್ತದೆ, ಕೀಟನಾಶಕದ ಸಂಕೇತ ಹೆಚ್ಚಾಗಿ ಅಥವಾ ಕಡಿಮೆಯಾಗಿ ಬರುತ್ತದೆ.

ಹಾಗಾಗಿ ಒಂದು ಮಿಲಿಲೀಟರ್ ದ್ರಾವಣಕ್ಕೆ 25 ಮಿಲಿಗ್ರಾಂ ಪಿಎಸ್‌ಎ ಎಂಬ ಪುಡಿ ಹಾಕುತ್ತಾರೆ. ಇದು ಆಮ್ಲ ಮತ್ತು ಸಕ್ಕರೆಯಂಥವನ್ನು ಹಿಡಿಯುತ್ತದೆ. ಜೊತೆಗೆ ಉಳಿದ ನೀರಿಗೆ 150 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಕಡು ಹಸಿರು ಸೊಪ್ಪಾದರೆ ಸುಮಾರು 7.5 ಮಿಲಿಗ್ರಾಂ ಕಾರ್ಬನ್ ಪುಡಿಯನ್ನೂ ಸೇರಿಸುತ್ತಾರೆ. ಅದು ಪತ್ರಹರಿತ್ತನ್ನು ಹೀರುತ್ತದೆ.

ಇಲ್ಲೊಂದು ಅಪಾಯವಿದೆ. ಕಾರ್ಬನ್ ಚಪ್ಪಟೆ ಆಕಾರದ ಅಣುಗಳನ್ನು ಅಂಟಿಸಿಕೊಳ್ಳುತ್ತದೆ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಅಣುವೂ ಚಪ್ಪಟೆಯೇ. ಕಾರ್ಬನ್ ಹೆಚ್ಚಾದರೆ ಬಣ್ಣದ ಜೊತೆ ಅದೂ ಹೋಗುತ್ತದೆ, ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದು ಬರುತ್ತದೆ. ಇದನ್ನು ಗುರುತಿಸಲು ಸುಲಭ ಸೂಚನೆಯೊಂದಿದೆ: ಶುದ್ಧಿ ಮಾಡಿದ ಮೇಲೂ ದ್ರಾವಣದಲ್ಲಿ ತುಸು ಹಸಿರು ಉಳಿದಿರಬೇಕು. ಪೂರ್ತಿ ನೀರಿನಂತೆ ತಿಳಿಯಾದರೆ ಅನುಮಾನಿಸಬೇಕು.

ಲೆಕ್ಕ ಸರಿಯೇ ಎಂದು ತಿಳಿಯುವುದು ಹೇಗೆ?

ಶುದ್ಧವಾದ ದ್ರಾವಣವನ್ನು ಕ್ರೊಮಟೋಗ್ರಫಿ ಯಂತ್ರಕ್ಕೆ ಕೊಡುತ್ತಾರೆ. ಅದು ಪದಾರ್ಥಗಳನ್ನು ಒಂದೊಂದಾಗಿ ಬೇರ್ಪಡಿಸುತ್ತದೆ, ಜೊತೆಗಿರುವ ಮಾಸ್ ಸ್ಪೆಕ್ಟ್ರೋಮೀಟರ್ ತೂಕದ ಆಧಾರದ ಮೇಲೆ ಗುರುತಿಸುತ್ತದೆ. 10 ಗ್ರಾಂಗೆ 10 ಮಿಲಿಲೀಟರ್ ದ್ರಾವಕ ಇದ್ದುದರಿಂದ ಒಂದು ಮಿಲಿಲೀಟರ್ ಎಂದರೆ ಒಂದು ಗ್ರಾಂ ಸೊಪ್ಪು. ಯಂತ್ರ ಮಿಲಿಲೀಟರ್‌ಗೆ 0.06 ಮೈಕ್ರೋಗ್ರಾಂ ಪ್ರೊಫೆನೊಫಾಸ್ ತೋರಿಸಿದರೆ, ಕೆಜಿ ಸೊಪ್ಪಿನಲ್ಲಿ 0.06 ಮಿಲಿಗ್ರಾಂ ಇದೆ ಎಂದರ್ಥ.

ದಾರಿಯಲ್ಲಿ ಸ್ವಲ್ಪ ಕಳೆದುಹೋಗಿಲ್ಲ ಎಂಬುದಕ್ಕೆ ಏನು ಖಾತ್ರಿ? ಕೀಟನಾಶಕವಿಲ್ಲದ 10 ಗ್ರಾಂ ಕೊತ್ತಂಬರಿಗೆ ಲ್ಯಾಬ್‌ನವರೇ 1 ಮೈಕ್ರೋಗ್ರಾಂ ಪ್ರೊಫೆನೊಫಾಸ್ ಸೇರಿಸಿ ಇದೇ ಕ್ರಮದಲ್ಲಿ ಪರೀಕ್ಷಿಸುತ್ತಾರೆ. 0.9 ಮೈಕ್ರೋಗ್ರಾಂ ಮರಳಿ ಸಿಕ್ಕರೆ ಶೇ 90. ಶೇ 70ರಿಂದ 120ರೊಳಗೆ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಶೇ 40 ಬಂದರೆ ಎಲ್ಲೋ ನಷ್ಟವಾಗಿದೆ, ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ.

"ಪತ್ತೆಯಾಗಿಲ್ಲ" ಎಂದರೆ ಏನೂ ಇಲ್ಲವೇ?

ಹಾಗಲ್ಲ. ಈ ವಿಧಾನ ನೂರಾರು ಕೀಟನಾಶಕಗಳನ್ನು ಒಟ್ಟಿಗೆ ನೋಡಬಲ್ಲದಾದರೂ ಕೆಲವು ಇದಕ್ಕೆ ಸಿಗುವುದಿಲ್ಲ. ರೈತರು ಎಂ-45 ಎಂದು ಕರೆಯುವ ಮ್ಯಾಂಕೋಜೆಬ್ ದ್ರಾವಕದಲ್ಲಿ ಸರಿಯಾಗಿ ಕರಗುವುದಿಲ್ಲ. ಅದನ್ನು ಆಮ್ಲದಲ್ಲಿ ಬಿಸಿ ಮಾಡಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅನಿಲವನ್ನು ಅಳೆಯಬೇಕು. ಗ್ಲೈಫೋಸೇಟ್ ಕಳೆನಾಶಕ ನೀರಿನಲ್ಲೇ ಉಳಿದು ದ್ರಾವಕಕ್ಕೆ ಬರುವುದಿಲ್ಲ, ಅದಕ್ಕೂ ಬೇರೆ ಪರೀಕ್ಷೆ ಬೇಕು.

ಆದ್ದರಿಂದ ಯಾರಾದರೂ ಲ್ಯಾಬ್ ವರದಿಯ ಫೋಟೊ ಕಳಿಸಿದರೆ ಮೂರು ವಿಷಯ ನೋಡಿ: ಯಾವ ಯಾವ ಕೀಟನಾಶಕಗಳನ್ನು ಹುಡುಕಿದ್ದಾರೆ, ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು, ಮತ್ತು ಸಿಕ್ಕ ಅಂಕಿಯ ಪಕ್ಕದಲ್ಲಿ ಆ ಬೆಳೆಗೆ ನಿಗದಿಯಾದ ಮಿತಿ ಬರೆದಿದೆಯೇ. ಪತ್ತೆಯಾಗುವುದು ಬೇರೆ, ಮಿತಿ ಮೀರುವುದು ಬೇರೆ.

ತೀರ್ಪು

ನೀರಿನ ಬಣ್ಣದಿಂದ ಕೀಟನಾಶಕ ಇದೆ ಅಥವಾ ಇಲ್ಲ ಎಂದು ಹೇಳುವ ಸಂದೇಶ ಸುಳ್ಳು. ಹರಿಯುವ ನೀರಿನಲ್ಲಿ ಸೊಪ್ಪು ತೊಳೆಯುವುದರಿಂದ ಮಣ್ಣು ಮತ್ತು ಮೇಲ್ಮೈಯ ಔಷಧಿಯ ಒಂದಿಷ್ಟು ಪಾಲು ಹೋಗುತ್ತದೆ, ಅದನ್ನು ಬಿಡಬೇಡಿ. ಎಲೆಯೊಳಗೆ ಸೇರಿದ್ದು ತೊಳೆದರೆ ಹೋಗುವುದಿಲ್ಲ. ಬಟ್ಟಲಿನ ನೀರು ಹಸಿರಾಯಿತೆಂದು ಸೊಪ್ಪು ಬೆಳೆದವರನ್ನು ದೂರುವುದಕ್ಕೂ, ತಿಳಿಯಾಗಿದೆಯೆಂದು ನಿಶ್ಚಿಂತರಾಗುವುದಕ್ಕೂ ಆಧಾರವಿಲ್ಲ.