ನಾಲ್ಕು ಸಾವಿರ ಗಂಟೆ ಅಂದರೆ ಯಾವ ಗಂಟೆ?

ತೀರ್ಥಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರು. ರಿಟೈರ್ ಆದ ಮೇಲೆ ಸುಮ್ಮನೆ ಕೂರಲಾಗದೆ ಎಸ್ಸೆಸ್ಸೆಲ್ಸಿ ಹುಡುಗರಿಗಾಗಿ ಯೂಟ್ಯೂಬ್ ಚಾನೆಲ್ ಶುರು ಮಾಡಿದರು. ಜನವರಿ ಇಪ್ಪತ್ತಕ್ಕೆ ಫೋನ್ ಮಾಡಿ, “ಅಲ್ಲವೋ, ಸಾವಿರ ಜನ ಸೇರಿಯಾಯ್ತು, ಐದು ಸಾವಿರ ಗಂಟೆ ದಾಟಿಯೂ ಆಯ್ತು. ಆದ್ರೂ ಜಾಹೀರಾತಿಗೆ ಅರ್ಜಿ ಹಾಕೋ ಬಟನ್ನೇ ಬರ್ತಿಲ್ಲ. ಇವರದ್ಯಾವ ಲೆಕ್ಕವೋ ಮಾರಾಯ?” ಅಂದರು. ಲೆಕ್ಕದ ಮೇಷ್ಟ್ರೇ ಲೆಕ್ಕ ತಪ್ಪಿದೆ ಅಂದರೆ ನೋಡಲೇಬೇಕಲ್ಲ! ನೋಡುತ್ತಾ ಹೋದ ಹಾಗೆ ಈ ಸಾವಿರ, ನಾಲ್ಕು ಸಾವಿರ ಅನ್ನುವ ಸಂಖ್ಯೆಗಳ ಹಿಂದೆ ಒಂದು ಇತಿಹಾಸವೇ ಇದೆ ಅಂತ ಗೊತ್ತಾಯಿತು. ಅದು ತಿಳಿದರೆ ಚಿಕ್ಕಪ್ಪನ ಲೆಕ್ಕ ಯಾಕೆ ಕೂಡಲಿಲ್ಲ ಅನ್ನೋದೂ ತಿಳಿಯುತ್ತದೆ.

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ವಿಡಿಯೋ ಹಾಕಿದವರಿಗೂ ಜಾಹೀರಾತಿನ ದುಡ್ಡಿನಲ್ಲಿ ಪಾಲು ಕೊಡುವ ಪಾರ್ಟ್‌ನರ್ ಪ್ರೋಗ್ರಾಂ ಬಂದದ್ದು 2007ರ ಮೇ ತಿಂಗಳಲ್ಲಿ. ಆಗ ಇಷ್ಟು ಗಂಟೆ, ಇಷ್ಟು ಜನ ಅನ್ನುವ ಗೆರೆಯೇ ಇರಲಿಲ್ಲ. ಹೆಸರು ಮಾಡಿದ ಕೆಲವರನ್ನು ಕಂಪನಿಯವರೇ ಆರಿಸಿ ಕರೆದರು. ಆ ವರ್ಷದ ಕೊನೆಯ ಹೊತ್ತಿಗೆ ಅಮೆರಿಕ, ಕೆನಡಾದವರು ತಾವಾಗಿಯೇ ಅರ್ಜಿ ಹಾಕುವಂತಾಯಿತು. 2012ರಲ್ಲಿ ಹಲವು ದೇಶಗಳಲ್ಲಿ ಬಾಗಿಲು ಪೂರ್ತಿ ತೆರೆಯಿತು. ಸ್ವಂತ ವಿಡಿಯೋ ಒಂದಿದ್ದರೆ ಸಾಕು, ಜಾಹೀರಾತು ಹಚ್ಚಿಕೊಳ್ಳಬಹುದಿತ್ತು.

ಅದೇ 2012ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಅದು ಆಗ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿಯವರೆಗೆ ಯೂಟ್ಯೂಬ್ ಎಣಿಸುತ್ತಿದ್ದದ್ದು ಮುಖ್ಯವಾಗಿ ವ್ಯೂ, ಅಂದರೆ ಎಷ್ಟು ಸಲ ನೋಡಿದರು ಅನ್ನುವುದನ್ನು. ನಮ್ಮ ಬ್ಲಾಗುಗಳ ಮೂಲೆಯಲ್ಲಿ ಒಂದು ಹಿಟ್ ಕೌಂಟರ್ ಇರುತ್ತಿತ್ತಲ್ಲ, ನಾವೇ ನಾಲ್ಕು ಸಲ ರಿಫ್ರೆಶ್ ಮಾಡಿ ಖುಷಿಪಡುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಅದೇ ಕಥೆ :) ಕಳ್ಳ ಎಣಿಕೆ ಹಿಡಿಯಲೆಂದೇ ಯೂಟ್ಯೂಬಿನ ಕೌಂಟರು 301ಕ್ಕೆ ಬಂದು ನಿಂತುಬಿಡುತ್ತಿತ್ತು. ಅಸಲಿಯೋ ನಕಲಿಯೋ ಅಂತ ಪರಿಶೀಲಿಸಿದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಈ ಪದ್ಧತಿಯನ್ನು 2015ರಲ್ಲಿ ಕೈಬಿಟ್ಟರು.

ಆದರೆ ನಕಲಿ ಕ್ಲಿಕ್ಕಿಗಿಂತ ದೊಡ್ಡ ತೊಂದರೆ ಅಸಲಿ ಕ್ಲಿಕ್ಕಿನದ್ದೇ ಆಗಿತ್ತು. ಮುಖಚಿತ್ರದಲ್ಲಿ ಏನೋ ತೋರಿಸಿ ಒಳಗೆ ಇನ್ನೇನೋ ಇಟ್ಟರೆ ಜನ ಹತ್ತು ಸೆಕೆಂಡಿಗೆ ಓಡಿಹೋಗುತ್ತಾರೆ. ವ್ಯೂ ಲೆಕ್ಕದಲ್ಲಿ ಅದೂ ಒಂದು, ಕೊನೆಯವರೆಗೆ ಕೂತು ನೋಡಿದ್ದೂ ಒಂದು. ಆದ್ದರಿಂದ 2012ರಲ್ಲಿ ಯಾವ ವಿಡಿಯೋವನ್ನು ಮುಂದೆ ತೋರಿಸಬೇಕು ಅನ್ನುವುದಕ್ಕೆ ವ್ಯೂ ಬದಲು ನೋಡಿದ ಹೊತ್ತನ್ನು ಅಳತೆಯಾಗಿ ತೆಗೆದುಕೊಂಡರು. ವಾಚ್ ಅವರ್ ಅನ್ನುವುದರ ಬೇರು ಅಲ್ಲಿದೆ. ಆದರೆ ದುಡ್ಡಿನ ಬಾಗಿಲಿಗೆ ಆ ಅಳತೆ ಬರಲು ಇನ್ನೂ ಆರು ವರ್ಷ ಬೇಕಾಯಿತು.

2017ರಲ್ಲಿ ಗಲಾಟೆಯಾಯಿತು. ತಮ್ಮ ಜಾಹೀರಾತು ಉಗ್ರವಾದಿಗಳ ವಿಡಿಯೋಗಳ ಮೇಲೂ ಓಡುತ್ತಿದೆ ಅಂತ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದ ಮೇಲೆ ದೊಡ್ಡ ದೊಡ್ಡ ಕಂಪನಿಗಳು ಜಾಹೀರಾತು ನಿಲ್ಲಿಸಿದವು. ಏಪ್ರಿಲ್‌ನಲ್ಲಿ ಮೊದಲ ಗೆರೆ ಬಿತ್ತು. ಚಾನೆಲ್ಲಿಗೆ ಒಟ್ಟು 10,000 ವ್ಯೂ ಆಗುವವರೆಗೆ ಜಾಹೀರಾತಿಲ್ಲ. ಅದಕ್ಕೆ ಕೊಟ್ಟ ಕಾರಣ ಗಮನಿಸಿ: ಬೇರೆಯವರ ವಿಡಿಯೋ ಕದ್ದು ಹಾಕುವ ಚಾನೆಲ್ಲುಗಳು ಹೆಚ್ಚಾಗಿವೆ, ಚಾನೆಲ್ಲು ನಿಜವಾದದ್ದೋ ಅಲ್ಲವೋ ಅಂತ ತೀರ್ಮಾನಿಸಲು ನಮಗೆ ಸಾಕಷ್ಟು ಮಾಹಿತಿ ಬೇಕು. ಅಂದರೆ ಮೊದಲಿನಿಂದಲೂ ಇದು ಪ್ರತಿಭೆ ಅಳೆಯುವ ಪರೀಕ್ಷೆ ಆಗಿರಲಿಲ್ಲ. ತಪಾಸಣೆ ಮಾಡುವವನ ಮೇಜಿನ ಮೇಲೆ ನೋಡಲು ಏನಾದರೂ ಇರಲಿ ಅನ್ನುವ ಏರ್ಪಾಡು, ಅಷ್ಟೇ.

ಹತ್ತು ಸಾವಿರ ವ್ಯೂ ಗೆರೆ ಒಂದು ವರ್ಷವೂ ಬಾಳಲಿಲ್ಲ. 2018ರ ಜನವರಿ 16ರಂದು ನೀಲ್ ಮೋಹನ್ ಮತ್ತು ರಾಬರ್ಟ್ ಕಿನ್ಸಲ್ ಹೊಸ ನಿಯಮ ಪ್ರಕಟಿಸಿದರು. 1,000 ಸಬ್‌ಸ್ಕ್ರೈಬರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ. ಹಳಬರಿಗೂ ವಿನಾಯಿತಿ ಇಲ್ಲ. ಒಂದು ತಿಂಗಳ ಗಡುವು ಕೊಟ್ಟು, ಗೆರೆ ಮುಟ್ಟದವರನ್ನು ಹೊರಗೆ ಕಳಿಸಿದರು. ಹೀಗೆ ಹೊರಹೋಗುವವರಲ್ಲಿ ನೂರಕ್ಕೆ 99 ಚಾನೆಲ್ಲುಗಳ ಹಿಂದಿನ ವರ್ಷದ ಗಳಿಕೆ ನೂರು ಡಾಲರಿಗಿಂತ ಕಡಿಮೆ ಅಂತ ಅವರೇ ಬರೆದುಕೊಂಡರು. ಸಮಾಧಾನಕ್ಕೆ ಹೇಳಿದ ಮಾತಿರಬೇಕು. ನನಗೇನೋ ಅದು ಬೇರೆ ಥರ ಕೇಳಿಸಿತು... ಇಷ್ಟು ಸಣ್ಣ ಗಳಿಕೆಯ ಚಾನೆಲ್ಲುಗಳನ್ನೆಲ್ಲ ಒಂದೊಂದಾಗಿ ನೋಡುವುದು ನಮಗೆ ಗಿಟ್ಟುವುದಿಲ್ಲ ಅಂದ ಹಾಗೆ!

ಈ ಹೊಸ ಗೆರೆಯಲ್ಲಿ ಎರಡು ಸಂಖ್ಯೆ ಇದ್ದರೂ ಅವೆರಡರ ಸ್ವಭಾವ ಬೇರೆ ಬೇರೆ. ಸಬ್‌ಸ್ಕ್ರೈಬರ ಸಂಖ್ಯೆಗೆ ಕಾಲಮಿತಿ ಇಲ್ಲ. ಐದು ವರ್ಷದ ಹಿಂದೆ ಒತ್ತಿದವನೂ ಇವತ್ತು ಲೆಕ್ಕಕ್ಕಿದ್ದಾನೆ, ಒತ್ತಿದ್ದನ್ನು ತೆಗೆದುಹಾಕಿದ್ದರೆ ಮಾತ್ರ ಇಲ್ಲ. ಗಂಟೆ ಹಾಗಲ್ಲ. ಅದು ಹಿಂದಿನ 365 ದಿನಗಳ ಕಿಟಕಿ. ದಿನಾ ಬೆಳಿಗ್ಗೆ ಮುಂದಿನಿಂದ ಒಂದು ದಿನ ಒಳಗೆ ಬರುತ್ತದೆ, ಹಿಂದಿನಿಂದ ಒಂದು ದಿನ ಉದುರುತ್ತದೆ. ಚಿಕ್ಕಪ್ಪ ಎಡವಿದ ಮೊದಲ ಜಾಗ ಇದೇ.

ಅವರು Analytics ಪುಟದಲ್ಲಿ ನೋಡಿದ್ದು ಚಾನೆಲ್ ಹುಟ್ಟಿದಾಗಿನಿಂದ ಆದ ಒಟ್ಟು ಹೊತ್ತು, 5,100 ಗಂಟೆ. ಅವಧಿಯನ್ನು Last 365 days ಅಂತ ಬದಲಿಸಿ ಅಂದೆ. 3,950ಕ್ಕೆ ಇಳಿಯಿತು. “ಐವತ್ತೇ ಗಂಟೆ ಕಮ್ಮಿ, ಈ ವಾರದಲ್ಲಿ ಆಗ್ತದೆ” ಅಂದರು. ಸ್ವಲ್ಪ ತಾಳಿ ಚಿಕ್ಕಪ್ಪ, Earn ಅನ್ನುವ ಪುಟ ತೆರೆಯಿರಿ ಅಂದೆ. ಅಲ್ಲಿ ಇದ್ದದ್ದು 2,310! ಒಂದೇ ಚಾನೆಲ್ಲು, ಒಂದೇ ಕಂಪನಿ, ಎರಡು ಪುಟದಲ್ಲಿ ಎರಡು ಲೆಕ್ಕ.

ಅರ್ಹತೆಗೆ ಎಣಿಸುವುದು ಸಾರ್ವಜನಿಕವಾಗಿರುವ ಉದ್ದ ವಿಡಿಯೋಗಳ ಹೊತ್ತನ್ನು ಮಾತ್ರ. Analytics ಎಲ್ಲವನ್ನೂ ಕೂಡಿಸುತ್ತದೆ. ಚಿಕ್ಕಪ್ಪ ಕಾಗದ ಪೆನ್ನು ತಂದರು. ಶಾರ್ಟ್ಸ್ ಅಂತ ಅವರು ಹಾಕಿದ್ದ “ಹತ್ತು ಸೆಕೆಂಡಿನಲ್ಲಿ ವರ್ಗಮೂಲ” ಥರದ ತುಣುಕುಗಳದ್ದೇ 820 ಗಂಟೆ. ಶಾರ್ಟ್ಸ್ ಸಾಲಿನಲ್ಲಿ ನೋಡಿದ ಹೊತ್ತು ಇದಕ್ಕೆ ಸೇರುವುದಿಲ್ಲ. ಮನೆಪಾಠದ ಮಕ್ಕಳಿಗೆಂದು Unlisted ಮಾಡಿ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದ ತರಗತಿಗಳದ್ದು 640. ಅದೂ ಸೇರುವುದಿಲ್ಲ. ಒಂದು ಪ್ರಮೇಯದಲ್ಲಿ ತಪ್ಪಾಯಿತೆಂದು ಅಳಿಸಿ ಬೇರೆ ಮಾಡಿ ಹಾಕಿದ್ದರಲ್ಲ, ಹಾಗೆ ಅಳಿಸಿದವುಗಳದ್ದು 180. ವಿಡಿಯೋ ಜೊತೆಗೆ ಅದರ ಗಂಟೆಯೂ ಹೋಯಿತು. ಮೂರೂ ಸೇರಿ 1,640. 3,950ರಿಂದ ಕಳೆದರೆ ಸರಿಯಾಗಿ 2,310. “ಕೂಡ್ತು” ಅಂದರು ಚಿಕ್ಕಪ್ಪ. ದುಡ್ಡು ಬರದಿದ್ದರೂ ಲೆಕ್ಕ ಕೂಡಿದ ಸಮಾಧಾನ ದನಿಯಲ್ಲಿತ್ತು. (ಅಂದ ಹಾಗೆ, ದುಡ್ಡು ಕೊಟ್ಟು ನಮ್ಮ ವಿಡಿಯೋವನ್ನೇ ಜಾಹೀರಾತಾಗಿ ಓಡಿಸಿದರೆ ಬರುವ ಹೊತ್ತೂ ಇದಕ್ಕೆ ಸೇರುವುದಿಲ್ಲ. ಗಂಟೆ ಕೊಂಡುಕೊಳ್ಳಬಹುದಲ್ಲ ಅಂತ ಯೋಚಿಸುವವರಿಗೆ.)

ಶಾರ್ಟ್ಸ್‌ಗೆ ಬೇರೆಯೇ ದಾರಿ ಇದೆ. ಅದರ ಜಾಹೀರಾತಿನಲ್ಲಿ ಪಾಲು ಕೊಡಲು ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೆ ಗಂಟೆಯ ಬದಲು 90 ದಿನಗಳಲ್ಲಿ ಒಂದು ಕೋಟಿ ವ್ಯೂ ಬೇಕು. ಇಲ್ಲೂ ಒಂದು ಮಡಿಕೆ ಇದೆ. 2025ರ ಮಾರ್ಚ್ ಕೊನೆಯಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ವ್ಯೂ ಅಂತ ಎಣಿಸುತ್ತಾರೆ. ಅರ್ಹತೆಗೆ ಮಾತ್ರ Engaged views ಅನ್ನುವ ಹಳೆಯ, ಬಿಗಿಯಾದ ಎಣಿಕೆಯೇ ನಡೆಯುತ್ತದೆ. ವಿಡಿಯೋ ಕೆಳಗೆ ಕಾಣುವ ದೊಡ್ಡ ಸಂಖ್ಯೆ ನೋಡಿ ಹಿಗ್ಗುವ ಹಾಗಿಲ್ಲ. ಅದೇ 2023ರ ಜೂನ್‌ನಲ್ಲಿ ಕೆಳಗಿನ ಮೆಟ್ಟಿಲೊಂದನ್ನೂ ಕಟ್ಟಿದರು. 500 ಸಬ್‌ಸ್ಕ್ರೈಬರು, 90 ದಿನದಲ್ಲಿ ಮೂರು ವಿಡಿಯೋ, 3,000 ಗಂಟೆ ಇದ್ದರೆ ನೋಡುಗರೇ ಕೊಡುವ ಕಾಣಿಕೆ, ಸದಸ್ಯತ್ವದ ಹಣ ಪಡೆಯಬಹುದು. ಜಾಹೀರಾತಿನ ಪಾಲು ಬೇಕೆಂದರೆ ಹಳೆಯ ನಾಲ್ಕು ಸಾವಿರವೇ.

ಇನ್ನು ಸಬ್‌ಸ್ಕ್ರೈಬರ ವಿಷಯ. ಚಿಕ್ಕಪ್ಪನಿಗೆ 1,240 ಜನ ಇದ್ದಾರೆ, ಗೆರೆ ದಾಟಿದ್ದಾರೆ. ಆದರೆ ನೋಡಿದ ಹೊತ್ತಿನಲ್ಲಿ ಸಬ್‌ಸ್ಕ್ರೈಬರ ಪಾಲೆಷ್ಟು ಅಂತ Analytics ತೋರಿಸುತ್ತದಲ್ಲ, ಅಲ್ಲಿ ಇದ್ದದ್ದು ನೂರಕ್ಕೆ 14. ಉಳಿದ 86 ಪಾಲು ಹೆಸರು ಕೊಡದೆ ಬಂದು ಹೋಗುವ ಹುಡುಗರದ್ದು. ಪರೀಕ್ಷೆಯ ಹಿಂದಿನ ರಾತ್ರಿ ಹುಡುಕಿಕೊಂಡು ಬರುತ್ತಾರೆ, ತಮಗೆ ಬೇಕಾದ ಲೆಕ್ಕ ನೋಡುತ್ತಾರೆ, ಹೋಗುತ್ತಾರೆ. ಸಬ್‌ಸ್ಕ್ರೈಬ್ ಆದವರಲ್ಲಿ ದೊಡ್ಡ ಪಾಲು ನಾವು ನೆಂಟರಿಷ್ಟರು, ಹಳೆಯ ಸಹೋದ್ಯೋಗಿಗಳು. ತ್ರಿಕೋನಮಿತಿ ನೋಡುವ ಧೈರ್ಯ ನಮಗ್ಯಾರಿಗೂ ಇಲ್ಲ :) ಹೀಗೆ ನೆಂಟಸ್ತಿಕೆಯಲ್ಲಿ, ನೀ ನನಗೆ ನಾ ನಿನಗೆ ಅನ್ನುವ ಒಪ್ಪಂದದಲ್ಲಿ ಸಾವಿರ ಜನರನ್ನು ಸೇರಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಹಾಗೆ ಸೇರಿದವರು ಕೂತು ನೋಡುವುದಿಲ್ಲ. ಎರಡು ಸಂಖ್ಯೆ ಒಟ್ಟಿಗೆ ಕೇಳುವುದರಿಂದ ಆಗುವ ಕೆಲಸ ಇದು. ಒಂದನ್ನು ಮೋಸದಿಂದ ಏರಿಸಿದರೂ ಇನ್ನೊಂದು ಏರುವುದಿಲ್ಲ.

ಗೆರೆ ದಾಟಿದರೂ ಸಿಗುವುದು ಅರ್ಜಿ ಹಾಕುವ ಅವಕಾಶ ಮಾತ್ರ. ಆಮೇಲೆ ಚಾನೆಲ್ಲಿನ ಮುಖ್ಯ ವಿಷಯ, ಹೆಚ್ಚು ನೋಡಿದ ವಿಡಿಯೋ, ಹೊಸ ವಿಡಿಯೋ, ಹೆಚ್ಚು ಹೊತ್ತು ತಂದ ವಿಡಿಯೋ ಇವನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ. ಬೇರೆಯವರದ್ದನ್ನು ಹಾಗೇ ಎತ್ತಿ ಹಾಕಿದ್ದರೆ, ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಿಸಿದ್ದರೆ, ಗಂಟೆ ಎಷ್ಟಿದ್ದರೂ ವಾಪಸು.

ಚಿಕ್ಕಪ್ಪ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಮತ್ತೆ ಫೋನ್. ಅವರ 2,310ರಲ್ಲಿ 1,100 ಗಂಟೆ ಬಂದದ್ದು ಹೋದ ವರ್ಷದ ಫೆಬ್ರವರಿ-ಮಾರ್ಚ್‌ನಲ್ಲಂತೆ. ಈ ವರ್ಷದ ಆ ಎರಡು ತಿಂಗಳು ಒಳಗೆ ಬರುವಾಗ ಹೋದ ವರ್ಷದವು ಹೊರಗೆ ಉದುರುತ್ತವೆ. ಉಳಿದ ಹತ್ತು ತಿಂಗಳಿನದ್ದು 1,210. ನಾಲ್ಕು ಸಾವಿರಕ್ಕೆ ಇನ್ನೂ 2,790 ಬೇಕು. ಒಬ್ಬೊಬ್ಬರು ಸರಾಸರಿ ಆರು ನಿಮಿಷ ನೋಡುತ್ತಾರೆ. ಹೋದ ಸಲ 11,000 ವ್ಯೂ ಇದ್ದದ್ದು ಈ ಸಲ ಎರಡೇ ತಿಂಗಳಲ್ಲಿ 27,900 ಆಗಬೇಕು. “ಪರೀಕ್ಷೆ ಹತ್ತು ದಿನ ಮುಂದೆ ಹೋದ್ರೆ ಇನ್ನೂ ಗಮ್ಮತ್ತು ನೋಡು, ಹಳೇದು ಉದುರಿ ಹೊಸದು ಬರದೆ ಸಂಖ್ಯೆ ಮೊದಲು ಇಳಿದು ಆಮೇಲೆ ಏರ್ತದೆ” ಅಂದರು.

ಮನೆಪಾಠದ ವಿಡಿಯೋಗಳನ್ನು ಇನ್ನು ಮುಂದೆ ಸಾರ್ವಜನಿಕ ಮಾಡಬಾರದಾ ಅಂತ ಕೇಳಿದೆ. ಅದರಲ್ಲಿ ಮಕ್ಕಳ ಹೆಸರು ಕರೆದು ಬೈದದ್ದೆಲ್ಲ ಇದೆ, ಬೇಡ ಅಂದರು. ಈಗ ಅದೇ ಪಾಠಗಳನ್ನು ಮಕ್ಕಳಿಲ್ಲದೆ, ಬರೀ ಬೋರ್ಡಿನ ಮುಂದೆ ನಿಂತು ಮತ್ತೆ ಮಾಡುತ್ತಿದ್ದಾರೆ. ನಿನ್ನೆ ಸಮಾಂತರ ಶ್ರೇಢಿಯ ಮೂರನೇ ಭಾಗ ಹಾಕಿದ್ದಾರೆ.