ಫ್ರಿಜ್ಜಿನ ಅಗಲವೂ ಗೂಡಿನ ಅಗಲವೂ: ಒಂದು ಟಿಪ್ಪಣಿ

ಕಂಪನಿಯ ಪುಸ್ತಿಕೆಯಲ್ಲಿ ಫ್ರಿಜ್ಜಿನ ಅಗಲವೆಂದು ಒಂದೇ ಅಂಕಿ ಇರುತ್ತದೆ. ಆದರೆ ಅದು ಮನೆ ಸೇರುವ ದಾರಿಯಲ್ಲಿ ರಟ್ಟಿನ ಪೆಟ್ಟಿಗೆಯ ಅಳತೆ ಬೇಕು, ಗೂಡಿನಲ್ಲಿ ನಿಂತಾಗ ಬರೀ ಮೈಯ ಅಳತೆ ಬೇಕು, ಬಳಸುವಾಗ ಬಾಗಿಲು ತೆರೆದ ಅಳತೆ ಬೇಕು.

ಲೆಕ್ಕಕ್ಕಾಗಿ 60 ಸೆಂ.ಮೀ. ಅಗಲ, 67 ಆಳ, 170 ಎತ್ತರದ ಡಬಲ್ ಡೋರ್ ಫ್ರಿಜ್ಜನ್ನು ಇಟ್ಟುಕೊಳ್ಳೋಣ. ಪೆಟ್ಟಿಗೆ ಸಮೇತ ಅದು 65, 73, 176 ಆಗುತ್ತದೆ ಎನ್ನೋಣ. ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲು 70 ಇದ್ದರೆ 65ರ ಮುಖ ಮುಂದೆ ಮಾಡಿ ನಿಲ್ಲಿಸಿಕೊಂಡೇ ಒಳಗೆ ತಳ್ಳಬಹುದು. ತೊಡಕು ಇರುವುದು ಮನೆಯೊಳಗಿನ ತಿರುವಿನಲ್ಲಿ. ನಿಂತಲ್ಲೇ ತಿರುಗಿಸಲು ತಳದ ಕರ್ಣದಷ್ಟು ಜಾಗ ಬೇಕು: ಪೆಟ್ಟಿಗೆಗೆ ಸುಮಾರು 98, ಬರೀ ಮೈಗೆ 90. ಹಾಗಾಗಿ 95ರ ಓಣಿಯಲ್ಲಿ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಫ್ರಿಜ್ ತಿರುಗುತ್ತದೆ. ಪೆಟ್ಟಿಗೆಯನ್ನು ಹೊಸ್ತಿಲಾಚೆಯೇ ಬಿಚ್ಚಿಸಬೇಕು. ಅಡುಗೆಮನೆಯ ಬಾಗಿಲನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೂ ಸಾಲದು. ತೆರೆದು ನಿಂತ ಹಲಗೆಯ ದಪ್ಪ ಮೂರು ನಾಲ್ಕು ಸೆಂ.ಮೀ. ನುಂಗುತ್ತದೆ, ಚಿಲಕ ಇನ್ನಷ್ಟು.

ಇನ್ನು ಗೂಡು. ಗಾರೆ, ಟೈಲ್ಸು ಬಿದ್ದ ಗೋಡೆಗಳು ನೇರವಾಗಿರುವುದು ಅಪರೂಪ. ಟೇಪು ಮೇಲೆ 70, ನಡುವೆ 69, ಸ್ಕರ್ಟಿಂಗ್ ಇರುವ ಕೆಳಗೆ 68 ತೋರಿಸಿದರೆ ಲೆಕ್ಕಕ್ಕೆ 68ನ್ನೇ ಹಿಡಿಯಬೇಕು. 60 ಕಳೆದರೆ ಎರಡು ಬದಿಗೂ ನಾಲ್ಕು ನಾಲ್ಕು. ಪುಸ್ತಿಕೆ ಪ್ರತಿ ಬದಿಗೂ ಐದು ಕೇಳಿದ್ದರೆ ಈ ಗೂಡು ಸಾಲದು.

ಆ ಒಂದು ಸೆಂಟಿಮೀಟರಿಗೆ ಇಷ್ಟು ಹಟವೇಕೆ? ಹಳೆಯ ಫ್ರಿಜ್ಜುಗಳ ಬೆನ್ನಿನ ಮೇಲೆ ಕಾಣುತ್ತಿದ್ದ ಕಪ್ಪು ಜಾಲರಿಯ ಕೊಳವೆಗಳು ಇಂದಿನ ಅನೇಕ ಮಾದರಿಗಳಲ್ಲಿ ಪಕ್ಕದ ತಗಡಿನ ಒಳಮೈಗೆ ಅಂಟಿಕೊಂಡಿವೆ. ಬಿಸಿ ಅಲ್ಲಿಂದಲೇ ಹೊರಬೀಳಬೇಕು. ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಸಹಜ. ಕೈ ಇಡಲಾಗದಷ್ಟು ಸುಡುತ್ತಿದ್ದು, ಕಂಪ್ರೆಸರ್ ನಿಲ್ಲದೆ ಗುಂಯ್‌ಗುಟ್ಟುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಗಾಳಿಯ ಸಂದನ್ನು. ಬಿಸಿ ಗಾಳಿ ಮೇಲೇರುವುದರಿಂದ ತಲೆಯ ಮೇಲೂ ಬಿಡುವು ಬೇಕು. ಅಲ್ಲಿ ಹಳೆಯ ಪೇಪರು, ತಟ್ಟೆ ಪೇರಿಸುವ ನಮ್ಮ ಅಭ್ಯಾಸ ಅಳತೆಯನ್ನೆಲ್ಲ ಕೆಡಿಸುತ್ತದೆ. ಬೆನ್ನ ಹಿಂದೆ ಪ್ಲಗ್ಗು ಚಾಚಿಕೊಂಡಿದ್ದರೆ ಆಳದ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು.

ಕೊನೆಯದು ಬಾಗಿಲು. ಕೀಲು ಇರುವ ಬದಿಗೇ ಗೋಡೆ ಮುಂಚಾಚಿದ್ದರೆ ಬಾಗಿಲು 90 ಡಿಗ್ರಿಗೇ ನಿಂತುಬಿಡುತ್ತದೆ. ಹಾಲು ತೆಗೆಯಲು ಅಷ್ಟು ಸಾಕು, ಆದರೆ ತರಕಾರಿ ಟ್ರೇ ಬಾಗಿಲ ಒಳ ಅಂಚಿಗೆ ತಾಗಿ ಪೂರ್ತಿ ಹೊರಬರದೆ ಹೋಗಬಹುದು. ಬಾಗಿಲಿನ ದಪ್ಪವಷ್ಟೂ ಗೋಡೆಯಂಚಿನಿಂದ ಮುಂದೆ ಇರುವಂತೆ ನಿಲ್ಲಿಸಿದರೆ ಈ ತೊಂದರೆ ತಪ್ಪುತ್ತದೆ.

ಒಟ್ಟಿನಲ್ಲಿ ಮೇಲಿನ 68ರ ಗೂಡಿಗೆ 60ರ ಫ್ರಿಜ್ ಬೇಡ. ಪುಸ್ತಿಕೆ ಕೇಳುವ ಸಂದು ಅಷ್ಟೇ ಇದ್ದರೆ, ಅಲ್ಲಿಗೆ 58ಕ್ಕಿಂತ ಅಗಲದ್ದನ್ನು ಕೊಳ್ಳಬಾರದು.